ಖಿನ್ನತೆಯ ಮಾತ್ರೆ: ಚಟ ಬೇರೆ, ದೇಹದ ಹೊಂದಾಣಿಕೆ ಬೇರೆ

"ಡಿಪ್ರೆಶನ್ ಮಾತ್ರೆಯಿಂದ ಚಟ ಹತ್ತುವುದಿಲ್ಲ ಅಂತ ಡಾಕ್ಟರು ಹೇಳಿದ್ದರು. ಎರಡು ವರ್ಷ ತಗೊಂಡೆ, ಈಗ ಚೆನ್ನಾಗಿದ್ದೇನೆ ಅಂತ ಹೋದ ವಾರ ಬಿಟ್ಟುಬಿಟ್ಟೆ. ನಾಲ್ಕನೇ ದಿನಕ್ಕೆ ತಲೆಸುತ್ತು, ತಲೆಯೊಳಗೆ ಕರೆಂಟು ಹೊಡೆದ ಹಾಗೆ. ಇದು ಚಟ ಅಲ್ಲದಿದ್ದರೆ ಮತ್ತೇನು?"

ನಿಮ್ಮ ಡಾಕ್ಟರು ಸುಳ್ಳು ಹೇಳಿಲ್ಲ, ಆದರೆ ಹೇಳಬೇಕಾದದ್ದರಲ್ಲಿ ಅರ್ಧವನ್ನು ಮಾತ್ರ ಹೇಳಿದ್ದಾರೆ. ಉಳಿದರ್ಧವನ್ನು ಮೊದಲೇ ತಿಳಿಸದೆ ಇರುವುದರಿಂದ ಎಷ್ಟು ಜನ ಹೆದರುತ್ತಾರೆ ಎಂಬುದನ್ನು ಮನೋವೈದ್ಯನಾಗಿ ಹಲವು ವರ್ಷಗಳಿಂದ ನೋಡುತ್ತಿರುವ ಕಾರಣ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮಾತ್ರೆ ಬಿಟ್ಟರೆ ಮೈಗೆ ತೊಂದರೆಯಾಗುತ್ತದೆ ಎಂಬ ಒಂದೇ ಕಾರಣಕ್ಕೆ ವೈದ್ಯಶಾಸ್ತ್ರ ಅದನ್ನು ಚಟ ಎಂದು ಕರೆಯುವುದಿಲ್ಲ. ಚಟವಿರುವವನ ಮನಸ್ಸು ಆ ವಸ್ತುವಿಗಾಗಿ ಹಪಹಪಿಸುತ್ತದೆ. ಇವತ್ತು ಇಷ್ಟೇ ಸಾಕು ಎಂದುಕೊಂಡವನು ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುತ್ತಾನೆ. ಮನೆ, ಕೆಲಸ, ಆರೋಗ್ಯ ಹಾಳಾಗುತ್ತಿರುವುದು ಕಣ್ಣಿಗೆ ಕಾಣುತ್ತಿದ್ದರೂ ಕೈ ತಡೆಯುವುದಿಲ್ಲ. ಇದಕ್ಕೆಲ್ಲ ಬುಡ, ತೆಗೆದುಕೊಂಡ ಕೂಡಲೇ ಸಿಗುವ ಸುಖ. ಸಿಗರೇಟಿನ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟಿ, ಡೋಪಮಿನ್ ಮೂಲಕ ಕೆಲಸ ಮಾಡುವ ಅಲ್ಲಿನ ಸುಖದ ಜಾಲವನ್ನು ಮೀಟುತ್ತದೆ, ಆದ್ದರಿಂದಲೇ ಮಿದುಳು ಅದನ್ನು ಮತ್ತೆ ಮತ್ತೆ ಕೇಳಲು ಕಲಿಯುತ್ತದೆ. ನಿಮ್ಮ ಮಾತ್ರೆಯ ಮೊದಲ ದಿನಗಳನ್ನು ನೆನಪಿಸಿಕೊಳ್ಳಿ. ಬಹುಶಃ ಮೊದಲ ವಾರ ಹೊಟ್ಟೆ ತೊಳಸಿರಬಹುದು, ನಿದ್ದೆ ಏರುಪೇರಾಗಿರಬಹುದು, ಮನಸ್ಸು ಹಗುರಾಗುವುದಕ್ಕೆ ಎರಡರಿಂದ ನಾಲ್ಕು ವಾರ ಹಿಡಿದಿರಬಹುದು. ನುಂಗಿದಾಗ ಏನೂ ಸಿಗದೆ, ತಿಂಗಳಾದ ಮೇಲೆ ಸದ್ದಿಲ್ಲದೆ ಗುಣ ಕಾಣಿಸುವ ವಸ್ತುವಿಗೆ ಮಿದುಳು ಹಪಹಪಿಸುವುದನ್ನು ಕಲಿಯುವುದಿಲ್ಲ. ನನ್ನಲ್ಲಿಗೆ ಬರುವ ರೋಗಿಗಳಲ್ಲಿ ಹೆಚ್ಚಿನವರ ತಾಪತ್ರಯವೇ ಬೇರೆ, ಮಾತ್ರೆ ತೆಗೆದುಕೊಳ್ಳುವುದು ಅವರಿಗೆ ಮರೆತುಹೋಗುತ್ತದೆ. ಚಟವಿರುವವನಿಗೆ ಅದು ಮರೆಯುವುದಿಲ್ಲ.

ಇದಕ್ಕೆ ಅಪವಾದವಿದೆ ಎಂಬುದನ್ನೂ ಹೇಳಬೇಕು. ಕೆಲವು ದೇಶಗಳಲ್ಲಿ ಖಿನ್ನತೆಗೆ ಕೊಡುವ ಟಿಯಾನೆಪ್ಟಿನ್ ಎಂಬ ಔಷಧಿ ಮಿದುಳಿನಲ್ಲಿ ಅಫೀಮಿನ ಜಾತಿಯ ವಸ್ತುಗಳು ಹಿಡಿಯುವ ಗ್ರಾಹಕವನ್ನೇ, ಅಂದರೆ ನರಕೋಶದ ಮೇಲೆ ಅವು ಕೂರುವ ಜಾಗವನ್ನೇ, ಹಿಡಿಯುತ್ತದೆ, ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡವರಿಗೆ ಅದರ ನಿಜವಾದ ಚಟವೇ ಹತ್ತಿದ್ದುಂಟು. ನಾನು ಇಲ್ಲಿ ಬರೆಯುತ್ತಿರುವುದು ಸಾಮಾನ್ಯವಾಗಿ ಬರೆದುಕೊಡುವ, ನರಕೋಶಗಳ ನಡುವೆ ಸಂದೇಶ ಒಯ್ಯುವ ಸಿರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ಮಾತ್ರೆಗಳ ಬಗ್ಗೆ: ಎಸ್ಸಿಟಲೋಪ್ರಾಮ್, ಸಿಟಲೋಪ್ರಾಮ್, ಸರ್ಟ್ರಲಿನ್, ಪ್ಯಾರೋಕ್ಸೆಟಿನ್, ಫ್ಲುಯೋಕ್ಸೆಟಿನ್, ವೆನ್ಲಾಫಾಕ್ಸಿನ್ ಮೊದಲಾದವು.

ಈಗ ನಿಮಗೆ ಆಗುತ್ತಿರುವುದಕ್ಕೆ ಬರೋಣ. ಇದರ ಹೆಸರು ದೈಹಿಕ ಅವಲಂಬನೆ. ಒಂದು ಔಷಧಿ ತಿಂಗಳುಗಟ್ಟಲೆ ಮೈಯಲ್ಲಿದ್ದರೆ ದೇಹ ಅದನ್ನು ಲೆಕ್ಕಕ್ಕೆ ಹಿಡಿದು ತನ್ನ ವ್ಯವಸ್ಥೆಯನ್ನು ಬದಲಿಸಿಕೊಳ್ಳುತ್ತದೆ. ಔಷಧಿ ಥಟ್ಟನೆ ಇಲ್ಲವಾದರೆ ಆ ಬದಲಾವಣೆ ಮಾತ್ರ ಹಾಗೇ ಉಳಿದು ತೊಂದರೆ ಕೊಡುತ್ತದೆ. ರಕ್ತದೊತ್ತಡಕ್ಕೆಂದು ಪ್ರೊಪ್ರನಲಾಲ್ ತೆಗೆದುಕೊಳ್ಳುವವರು ಅದನ್ನು ಒಮ್ಮೆಲೇ ಬಿಟ್ಟರೆ ಎದೆಬಡಿತ ಮೊದಲಿಗಿಂತ ಜೋರಾಗುವುದುಂಟು, ತಿಂಗಳುಗಳ ಕಾಲ ಸ್ಟೀರಾಯ್ಡ್ ತೆಗೆದುಕೊಂಡವರು ಹಠಾತ್ತನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಾಗಬಹುದು. ಅವನ್ನು ಯಾರೂ ಚಟ ಎನ್ನುವುದಿಲ್ಲ. ಮನೋವೈದ್ಯರು ರೋಗನಿರ್ಣಯಕ್ಕೆ ಬಳಸುವ ಅಮೆರಿಕದ ಕೈಪಿಡಿಯ 2013ರ ಆವೃತ್ತಿಯೂ, ವೈದ್ಯರು ಹೇಳಿದಂತೆ ಔಷಧಿ ತೆಗೆದುಕೊಳ್ಳುತ್ತಿರುವವರಲ್ಲಿ ಬಿಟ್ಟಾಗ ಕಾಣುವ ತೊಂದರೆಗಳನ್ನು ವ್ಯಸನದ ಲಕ್ಷಣವಾಗಿ ಎಣಿಸಬಾರದು ಎಂದೇ ಹೇಳುತ್ತದೆ. ಚಟ ಮತ್ತು ದೈಹಿಕ ಅವಲಂಬನೆ ಒಟ್ಟಿಗೆ ಇರುವುದೂ ಉಂಟು, ಹೆಂಡದ ವಿಷಯದಲ್ಲಿ ಹಾಗೆಯೇ ಆಗುತ್ತದೆ. ನಿಮ್ಮ ಮಾತ್ರೆಯಲ್ಲಿ ಎರಡನೆಯದು ಮಾತ್ರ ಇದೆ.

ಈ ಬದಲಾವಣೆ ಆಗುವುದು ಹೇಗೆ? ಒಂದು ನರಕೋಶ ಇನ್ನೊಂದರ ಕಡೆಗೆ ಸಿರೊಟೋನಿನ್ ಬಿಡುಗಡೆ ಮಾಡುತ್ತದೆ, ಕೆಲಸ ಮುಗಿದ ಮೇಲೆ ಒಂದು ವಿಶೇಷ ಪ್ರೋಟೀನು ಪಂಪಿನಂತೆ ಅದನ್ನು ವಾಪಸು ಎಳೆದುಕೊಳ್ಳುತ್ತದೆ. ಮಾತ್ರೆ ಈ ಪಂಪನ್ನು ಮುಚ್ಚುವುದರಿಂದ ಎರಡು ಕೋಶಗಳ ನಡುವಿನ ಸಂದಿಯಲ್ಲಿ ಸಿರೊಟೋನಿನ್ ಹೆಚ್ಚು ಹೊತ್ತು ನಿಲ್ಲುತ್ತದೆ. ವಾರಗಳು ಕಳೆದಂತೆ ಅದನ್ನು ಹಿಡಿಯುವ ಗ್ರಾಹಕಗಳಲ್ಲಿ ಕೆಲವು ಸಂಖ್ಯೆಯಲ್ಲಿ ಕಡಿಮೆಯಾಗುತ್ತವೆ, ಕೆಲವು ಮೊದಲಿನಷ್ಟು ಚುರುಕಾಗಿ ಸ್ಪಂದಿಸುವುದಿಲ್ಲ. ಹೆಚ್ಚು ಸಿರೊಟೋನಿನ್ ಇರುವುದೇ ಆಗ ಮಿದುಳಿಗೆ ಸಹಜ ಸ್ಥಿತಿಯಾಗಿಬಿಡುತ್ತದೆ. ಮಾತ್ರೆ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪಂಪುಗಳು ತೆರೆದುಕೊಂಡು ಸಿರೊಟೋನಿನ್ ಇಳಿಯುತ್ತದೆ, ಗ್ರಾಹಕಗಳು ಹಳೆಯ ಸ್ಥಿತಿಗೆ ಮರಳಲು ಮಾತ್ರ ವಾರಗಳು, ಕೆಲವರಲ್ಲಿ ಅದಕ್ಕಿಂತಲೂ ಹೆಚ್ಚು ಕಾಲ ಬೇಕು. ಒಂದು ದಿನಗಳ ಲೆಕ್ಕದಲ್ಲಿ, ಇನ್ನೊಂದು ವಾರಗಳ ಲೆಕ್ಕದಲ್ಲಿ ಬದಲಾಗುವ ಈ ನಡುವಿನ ಅವಧಿಯನ್ನೇ ನೀವು ಈಗ ಅನುಭವಿಸುತ್ತಿದ್ದೀರಿ.

ಸಿರೊಟೋನಿನ್ ಕೆಲಸ ಮಾಡುವುದು ಮನಸ್ಸಿನ ಲಹರಿಯ ಮೇಲೆ ಮಾತ್ರವಲ್ಲ. ಮೈಯ ಸಮತೋಲ ನೋಡಿಕೊಳ್ಳುವ ಮಿದುಳುಕಾಂಡದ ಭಾಗಗಳಲ್ಲಿ ಅದರ ಗ್ರಾಹಕಗಳಿವೆ, ಹಾಗಾಗಿ ತಲೆಸುತ್ತು. ದೇಹದ ಬಹುಪಾಲು ಸಿರೊಟೋನಿನ್ ಇರುವುದು ಕರುಳಿನಲ್ಲಿ, ಹಾಗಾಗಿ ವಾಕರಿಕೆ. ಈ ಮಾತ್ರೆಗಳು ಕನಸಿನ ನಿದ್ದೆಯನ್ನು ತಗ್ಗಿಸಿ ಇಟ್ಟಿರುತ್ತವೆ, ಬಿಟ್ಟಾಗ ಅದು ಒಮ್ಮೆಲೇ ನುಗ್ಗಿ ಬರುವುದರಿಂದ ಕಣ್ಣಿಗೆ ಕಟ್ಟಿದಂಥ ವಿಚಿತ್ರ ಕನಸುಗಳು ಬೀಳುತ್ತವೆ. ಕರೆಂಟು ಹೊಡೆದ ಹಾಗೆ ಎಂದು ನೀವು ಬರೆದಿರುವುದಕ್ಕೆ ಇಷ್ಟು ನೇರವಾದ ವಿವರಣೆ ಇನ್ನೂ ದೊರೆತಿಲ್ಲ. ಆದರೆ ಬೇರೆ ಬೇರೆ ಜನ ಅದನ್ನು ಹೆಚ್ಚುಕಡಿಮೆ ನಿಮ್ಮದೇ ಮಾತಿನಲ್ಲಿ ವರ್ಣಿಸುತ್ತಾರೆ, ಕಣ್ಣನ್ನು ಪಕ್ಕಕ್ಕೆ ಹೊರಳಿಸಿದಾಗ ಅದು ಹೆಚ್ಚು ಎಂದೂ ಎಷ್ಟೋ ಜನ ಹೇಳುತ್ತಾರೆ. ನಿಮಗೂ ಹಾಗೆಯೇ ಆಗುತ್ತಿದೆಯೇ ಎಂದು ಗಮನಿಸಿ. ಅದು ಭ್ರಮೆಯಲ್ಲ. ಅದರಿಂದ ಮಿದುಳಿಗೆ ಹಾನಿಯಾಗುತ್ತದೆ ಎಂಬುದಕ್ಕೂ ಆಧಾರವಿಲ್ಲ.

ನಿಮ್ಮ ಮಾತ್ರೆ ಯಾವುದೆಂದು ನೀವು ಬರೆದಿಲ್ಲ. ಅದರ ಮೇಲೆ ಬಹಳಷ್ಟು ನಿಂತಿದೆ, ಏಕೆಂದರೆ ಔಷಧಿ ಎಷ್ಟು ಬೇಗ ಮೈಯಿಂದ ಹೊರಹೋಗುತ್ತದೋ ಅಷ್ಟು ಬೇಗ, ಅಷ್ಟು ಜೋರಾಗಿ ತೊಂದರೆ ಕಾಣಿಸಿಕೊಳ್ಳುತ್ತದೆ. ರಕ್ತದಲ್ಲಿ ವೆನ್ಲಾಫಾಕ್ಸಿನ್‌ನ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 5 ಗಂಟೆ, ಅದರಿಂದ ಮೈಯೊಳಗೇ ಹುಟ್ಟಿ ಅದೇ ಕೆಲಸ ಮಾಡುವ ಇನ್ನೊಂದು ರೂಪಕ್ಕೆ ಸುಮಾರು 11 ಗಂಟೆ ಸಾಕು. ಒಂದೇ ಒಂದು ಹೊತ್ತಿನ ಮಾತ್ರೆ ತಪ್ಪಿದರೂ ಸಂಜೆಗೆ ಗೊತ್ತಾಗುತ್ತದೆ ಎಂದು ಅದನ್ನು ತೆಗೆದುಕೊಳ್ಳುವವರು ಹೇಳುವುದು ಇದಕ್ಕೇ. ಫ್ಲುಯೋಕ್ಸೆಟಿನ್ ಇದಕ್ಕೆ ವಿರುದ್ಧ: ಅದೂ ಅದರ ಇನ್ನೊಂದು ರೂಪವೂ ದಿನಗಳ, ವಾರಗಳ ಲೆಕ್ಕದಲ್ಲಿ ನಿಧಾನವಾಗಿ ಇಳಿಯುವುದರಿಂದ ಬಹಳ ಜನರಲ್ಲಿ ಅದು ತನ್ನಷ್ಟಕ್ಕೇ ಕಡಿಮೆಯಾಗುತ್ತಾ ಹೋಗುತ್ತದೆ. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಗುಣಮುಖರಾಗಿ ಮಾತ್ರೆ ಮುಂದುವರಿಸಿದ್ದವರಿಗೆ ಅವರ ಅರಿವಿಗೆ ಬಾರದಂತೆ 5ರಿಂದ 8 ದಿನ ಹುಸಿಮಾತ್ರೆ ಕೊಟ್ಟು ನೋಡಿದರು. ಪ್ಯಾರೋಕ್ಸೆಟಿನ್ ತೆಗೆದುಕೊಳ್ಳುತ್ತಿದ್ದವರಲ್ಲಿ 66%, ಸರ್ಟ್ರಲಿನ್‌ನವರಲ್ಲಿ 60%, ಫ್ಲುಯೋಕ್ಸೆಟಿನ್‌ನವರಲ್ಲಿ 14% ಮಂದಿಗೆ ಬಿಟ್ಟಾಗಿನ ಲಕ್ಷಣಗಳು ಕಾಣಿಸಿಕೊಂಡವು.

ಇನ್ನು ಒಬ್ಬರ ಕಥೆ ಹೇಳುತ್ತೇನೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವರು ಪಾಠ ಹೇಳುವ ಕೆಲಸದವರು. ಸಿಟಲೋಪ್ರಾಮ್ 20 ಮಿಲಿಗ್ರಾಂನಲ್ಲಿ ಎರಡೂವರೆ ವರ್ಷ ಚೆನ್ನಾಗಿದ್ದು, ನಿಮ್ಮ ಹಾಗೆಯೇ ಒಂದು ದಿನ ತಾವಾಗಿಯೇ ನಿಲ್ಲಿಸಿದ್ದರು. ಮೂರನೆಯ ದಿನ ತಲೆ ತೇಲಿದಂತಾಯಿತು. ಐದನೆಯ ದಿನ ತರಗತಿಯಲ್ಲಿ ಹಲಗೆಯಿಂದ ಮಕ್ಕಳ ಕಡೆಗೆ ಕಣ್ಣು ಹೊರಳಿಸಿದಾಗೆಲ್ಲ ತಲೆಯೊಳಗೆ 'ಜುಂ' ಎನ್ನಲು ಶುರುವಾಗಿ, ಮೇಜು ಹಿಡಿದು ನಿಲ್ಲಬೇಕಾಯಿತು. ರಾತ್ರಿ ಕೆಟ್ಟ ಕನಸು, ಹಗಲು ಕಾರಣವಿಲ್ಲದೆ ಕಣ್ಣಲ್ಲಿ ನೀರು. ಒಂಬತ್ತನೆಯ ದಿನ ಗಂಡನ ಜೊತೆ ಬಂದರು. "ಇವಳಿಗೆ ಮಾತ್ರೆಯ ಚಟ ಹತ್ತಿಬಿಟ್ಟಿದೆ ಡಾಕ್ಟರೇ, ಹೇಗಾದರೂ ಬಿಡಿಸಿ" ಎಂದು ಗಂಡ ಹೇಳುತ್ತಿದ್ದರೆ ಆಕೆ ತಲೆತಗ್ಗಿಸಿ ಕೂತಿದ್ದರು. "ಈ ಒಂಬತ್ತು ದಿನದಲ್ಲಿ ಮಾತ್ರೆ ಬೇಕು ಅಂತ ನಿಮಗೆ ಆಸೆಯಾಯಿತೇ?" ಎಂದು ಆಕೆಯನ್ನೇ ಕೇಳಿದೆ. "ಆಸೆ ಎಲ್ಲಿಯದು ಸರ್, ಅದನ್ನು ನೋಡಿದರೇ ಬೇಸರ. ತಲೆ ಸುತ್ತುವುದು ನಿಂತರೆ ಸಾಕಾಗಿದೆ" ಎಂದರು. ಚಟ ಮತ್ತು ದೈಹಿಕ ಅವಲಂಬನೆಯ ವ್ಯತ್ಯಾಸವನ್ನು ಇದಕ್ಕಿಂತ ಸರಿಯಾಗಿ ನಾನು ಹೇಳಲಾರೆ.

ಮತ್ತೆ 20 ಮಿಲಿಗ್ರಾಂ ಶುರು ಮಾಡಿದ ಎರಡೇ ದಿನದಲ್ಲಿ ಎಲ್ಲವೂ ಇಳಿಯಿತು. ಆಮೇಲೆ ನಿಧಾನವಾಗಿ ಬಿಡಿಸಲು ಹೊರಟೆವು. 20ರಿಂದ 10ಕ್ಕೆ ಇಳಿಸಿ ನಾಲ್ಕು ವಾರ, ಹೆಚ್ಚೇನೂ ಆಗಲಿಲ್ಲ. 10ರಿಂದ 5ಕ್ಕೆ ಇಳಿಸಿದಾಗ ನಾಲ್ಕು ದಿನ ಸಣ್ಣಗೆ ತಲೆಸುತ್ತು ಬಂದು ಹೋಯಿತು. 5 ಮಿಲಿಗ್ರಾಂ ಎಂದರೆ ಲೆಕ್ಕಕ್ಕೇ ಇಲ್ಲ, ಇನ್ನು ನಿಲ್ಲಿಸಬಹುದು ಎಂದು ನಾನೇ ಹೇಳಿದೆ. ಒಂದು ವಾರದೊಳಗೆ ಅವರು ಮೊದಲಿನಷ್ಟೇ ನರಳುತ್ತಾ ವಾಪಸು ಬಂದರು. ತಪ್ಪು ನನ್ನದು.

ತಪ್ಪು ಎಲ್ಲಿ ಎಂಬುದು ನಿಮಗೂ ಮುಖ್ಯವಾದ್ದರಿಂದ ಬಿಡಿಸಿ ಹೇಳುತ್ತೇನೆ. ಮಿಲಿಗ್ರಾಂ ಅರ್ಧವಾದರೆ ಮಾತ್ರೆಯ ಪರಿಣಾಮವೂ ಅರ್ಧವಾಗುತ್ತದೆ ಎಂದು ನಮಗೆಲ್ಲ ಅನಿಸುತ್ತದೆ. ಮಿದುಳಿನ ಚಿತ್ರ ತೆಗೆದು, ಎಷ್ಟು ಪಂಪುಗಳು ಮುಚ್ಚಿವೆ ಎಂದು ಅಳೆದು ನೋಡಿದರೆ ಹಾಗಿಲ್ಲ. ಸಿಟಲೋಪ್ರಾಮ್ 20 ಮಿಲಿಗ್ರಾಂ ಸುಮಾರು 80% ಪಂಪುಗಳನ್ನು ಮುಚ್ಚುತ್ತದೆ. 10ಕ್ಕೆ ಇಳಿಸಿದರೂ ಸುಮಾರು 70% ಮುಚ್ಚಿಯೇ ಇರುತ್ತವೆ. 5 ಮಿಲಿಗ್ರಾಂನಲ್ಲಿಯೂ ಸುಮಾರು 60%. ಅಂದರೆ ನಮ್ಮ ಮೊದಲ ಎರಡು ಹೆಜ್ಜೆಗಳಲ್ಲಿ ಔಷಧಿಯ ಮುಕ್ಕಾಲು ಭಾಗ ಹೋದರೂ ಮಿದುಳು ಇಳಿದದ್ದು ಇಪ್ಪತ್ತು ಅಂಶ ಮಾತ್ರ. ಕೊನೆಯ ಹೆಜ್ಜೆಯಲ್ಲಿ, 'ಲೆಕ್ಕಕ್ಕೇ ಇಲ್ಲ' ಎಂದು ನಾನು ಅಂದುಕೊಂಡಿದ್ದ ಆ ಕಾಲು ಭಾಗದಲ್ಲಿ, ಅದು ಅರವತ್ತರಿಂದ ಸೊನ್ನೆಗೆ ಬಿತ್ತು. ಹೊರೊವಿಟ್ಸ್ ಮತ್ತು ಟೇಲರ್ ಎಂಬ ಇಬ್ಬರು ಸಂಶೋಧಕರು ಈ ಲೆಕ್ಕವನ್ನು 2019ರಲ್ಲಿಯೇ ಪ್ರಕಟಿಸಿದ್ದರು. ನಾನು ಅದನ್ನು ಓದಿಯೂ ಇದ್ದೆ, ಆದರೆ ಔಷಧಿ ಬರೆಯುವ ಕೈ ಹಳೆಯ ರೂಢಿಯಲ್ಲೇ ಇತ್ತು.

ಎರಡನೆಯ ಸಲ ಮಿಲಿಗ್ರಾಂ ಬಿಟ್ಟು, ಮುಚ್ಚಿದ ಪಂಪುಗಳ ಲೆಕ್ಕ ಹಿಡಿದೆವು. ಪ್ರತಿ ಹೆಜ್ಜೆಗೂ ಸುಮಾರು ಹತ್ತು ಅಂಶ ಇಳಿಯಬೇಕೆಂದರೆ 5ರಿಂದ 3.4, ಅಲ್ಲಿಂದ 2.3, ಆಮೇಲೆ 1.5, 0.8, ಕೊನೆಗೆ 0.4 ಮಿಲಿಗ್ರಾಂ. ಇಷ್ಟು ಸಣ್ಣ ಪ್ರಮಾಣವನ್ನು ಮಾತ್ರೆ ಮುರಿದು ಅಳೆಯಲಾಗದ ಕಾರಣ ದ್ರವರೂಪದ ಔಷಧಿಯನ್ನು ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆದು ತೆಗೆದುಕೊಳ್ಳುವಂತೆ ವ್ಯವಸ್ಥೆ ಮಾಡಿದೆವು. ಒಂದೊಂದು ಹೆಜ್ಜೆಗೆ ಮೂರರಿಂದ ನಾಲ್ಕು ವಾರ. ತೊಂದರೆ ಕಾಣಿಸಿದರೆ ಅದು ಇಳಿಯುವ ತನಕ ಅಲ್ಲೇ ನಿಲ್ಲುವುದು. 1.5ರ ಹತ್ತಿರ ಒಮ್ಮೆ ಆರು ವಾರ ನಿಲ್ಲಬೇಕಾಯಿತು. ಎಲ್ಲ ಸೇರಿ ಸುಮಾರು ಆರು ತಿಂಗಳು ಹಿಡಿಯಿತು, ಕೊನೆಯ 0.4 ನಿಲ್ಲಿಸಿದ ವಾರ ಅವರು ಒಂದು ದಿನವೂ ರಜೆ ಹಾಕಲಿಲ್ಲ. ಈ ಅಂಕಿಗಳು ಸಿಟಲೋಪ್ರಾಮ್‌ಗೆ ಸಂಬಂಧಿಸಿದವು, ಅವನ್ನು ಹಾಗೆಯೇ ಬೇರೆ ಮಾತ್ರೆಗೆ ಹಚ್ಚಬೇಡಿ. ಎಲ್ಲರಿಗೂ ಇಷ್ಟು ಕಾಲ ಬೇಕೆಂದೂ ಇಲ್ಲ. ಕೆಲವೇ ವಾರಗಳಲ್ಲಿ ಸಲೀಸಾಗಿ ಬಿಟ್ಟವರನ್ನೂ ನಾನು ನೋಡಿದ್ದೇನೆ.

ಇನ್ನೊಂದು ರೂಢಿಯ ಬಗ್ಗೆಯೂ ಎಚ್ಚರಿಸಬೇಕು. ದಿನ ಬಿಟ್ಟು ದಿನ ತೆಗೆದುಕೊಂಡು ಕಡಿಮೆ ಮಾಡಿಕೊಳ್ಳಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಒಂದು ದಿನದಲ್ಲೇ ಅರ್ಧಕ್ಕಿಳಿಯುವ ಮಾತ್ರೆಯನ್ನು ಹೀಗೆ ತೆಗೆದುಕೊಂಡರೆ ರಕ್ತದಲ್ಲಿ ಅದರ ಪ್ರಮಾಣ ಏರುತ್ತಾ ಬೀಳುತ್ತಾ ಇರುತ್ತದೆ, ನೀವು ಈಗ ಪಡುತ್ತಿರುವ ಪಾಡು ಎರಡು ದಿನಕ್ಕೊಮ್ಮೆ ಮರಳುತ್ತದೆ. ದಿನವೂ ಸ್ವಲ್ಪ ಕಡಿಮೆ ತೆಗೆದುಕೊಳ್ಳುವುದೇ ಸರಿಯಾದ ಕ್ರಮ. ನಿಧಾನವಾಗಿ ಕರಗುವಂತೆ ತಯಾರಿಸಿದ ಮಾತ್ರೆಯನ್ನು ಪುಡಿ ಮಾಡಲೂಬಾರದು, ಹಾಗೆ ಮಾಡಿದರೆ ಇಡೀ ದಿನದ ಔಷಧಿ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ.

ಬಿಟ್ಟಾಗಿನ ತೊಂದರೆಯನ್ನು 'ಕಾಯಿಲೆ ಮರುಕಳಿಸಿದೆ' ಎಂದು ತಪ್ಪು ತಿಳಿಯುವುದರಿಂದ ಆಗುವ ನಷ್ಟ ದೊಡ್ಡದು. ಮಾತ್ರೆ ಜೀವನಪೂರ್ತಿ ಬೇಕು ಎಂದು ರೋಗಿಯೂ ವೈದ್ಯರೂ ತೀರ್ಮಾನಿಸಿಬಿಡುತ್ತಾರೆ. ಇವೆರಡನ್ನು ಬೇರ್ಪಡಿಸಲು ನಾನು ಮೊದಲು ದಿನಾಂಕ ಕೇಳುತ್ತೇನೆ. ಬಿಟ್ಟಾಗಿನ ತೊಂದರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಶುರುವಾಗುತ್ತದೆ, ಫ್ಲುಯೋಕ್ಸೆಟಿನ್ ಆದರೆ ತಡವಾಗಿ. ಖಿನ್ನತೆ ಮರುಕಳಿಸುವುದು ಹೆಚ್ಚಾಗಿ ವಾರಗಳು, ತಿಂಗಳುಗಳು ಕಳೆದ ಮೇಲೆ, ಮೆಲ್ಲಗೆ. ಆಮೇಲೆ, ಈ ಲಕ್ಷಣಗಳು ನಿಮ್ಮ ಹಳೆಯ ಕಾಯಿಲೆಯಲ್ಲಿ ಇದ್ದವೇ ಎಂದು ಕೇಳುತ್ತೇನೆ. ಅಳು, ಸಿಡುಕು, ಆತಂಕ ಎರಡರಲ್ಲೂ ಇರಬಹುದು, ಆದರೆ ತಲೆಸುತ್ತಾಗಲಿ ಕರೆಂಟು ಹೊಡೆದಂತಾಗುವುದಾಗಲಿ ಖಿನ್ನತೆಯ ಲಕ್ಷಣವಲ್ಲ. ಕೊನೆಯದಾಗಿ, ಮತ್ತೆ ಮಾತ್ರೆ ಶುರು ಮಾಡಿದಾಗ ಎಷ್ಟು ಬೇಗ ಇಳಿಯಿತು ಎಂಬುದನ್ನು ನೋಡುತ್ತೇನೆ. ಖಿನ್ನತೆ ಇಳಿಯಲು ವಾರಗಳು ಬೇಕು. ಬಿಟ್ಟಾಗಿನ ತೊಂದರೆ ಬಹಳ ಸಲ ಮೂರು ದಿನದೊಳಗೇ ಇಳಿದುಬಿಡುತ್ತದೆ.

ಇದು ಎಷ್ಟು ಜನರಿಗೆ ಆಗುತ್ತದೆ ಎಂಬ ಬಗ್ಗೆ ಜೋರಾದ ವಾದಗಳು ನಡೆದಿವೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2024ರಲ್ಲಿ ಪ್ರಕಟಿಸಿದ ಒಂದು ವಿಶ್ಲೇಷಣೆಯ ಪ್ರಕಾರ ಮಾತ್ರೆ ಬಿಟ್ಟವರಲ್ಲಿ ಸುಮಾರು 31% ಮಂದಿಗೆ ಏನಾದರೊಂದು ಲಕ್ಷಣ ಕಾಣಿಸಿತು. ಹುಸಿಮಾತ್ರೆ ಬಿಟ್ಟವರಲ್ಲಿಯೂ ಸುಮಾರು 17% ಮಂದಿಗೆ ಕಾಣಿಸಿತು. ಈ ಎರಡರ ಅಂತರ ನೋಡಿದರೆ ಆರೇಳು ಜನರಲ್ಲಿ ಒಬ್ಬರಿಗೆ ಔಷಧಿಯಿಂದಲೇ ತೊಂದರೆಯಾಗುತ್ತದೆ ಎಂದಾಗುತ್ತದೆ, ತೀವ್ರವಾದ ತೊಂದರೆ ಸುಮಾರು 35 ಜನರಲ್ಲಿ ಒಬ್ಬರಿಗೆ. ಆದರೆ ಇಂಥ ಅಧ್ಯಯನಗಳಲ್ಲಿ ಕೆಲವೇ ತಿಂಗಳು ಮಾತ್ರೆ ತೆಗೆದುಕೊಂಡವರೇ ಹೆಚ್ಚಾಗಿರುತ್ತಾರೆ, ವರ್ಷಗಟ್ಟಲೆ ತೆಗೆದುಕೊಂಡವರ ಅನುಭವಕ್ಕೆ ಈ ಅಂಕಿಗಳನ್ನು ನೇರವಾಗಿ ಅನ್ವಯಿಸಲು ನನಗೆ ಮನಸ್ಸು ಬರುವುದಿಲ್ಲ. ಇದು ಹೊಸದಾಗಿ ಕಂಡುಬಂದ ವಿಷಯವೂ ಅಲ್ಲ. ಹಳೆಯ ಕಾಲದ ಇಮಿಪ್ರಮಿನ್ ಮಾತ್ರೆ ಬಿಟ್ಟಾಗ ಹೀಗಾಗುತ್ತದೆ ಎಂದು 1959ರಲ್ಲಿಯೇ ವರದಿಯಾಗಿತ್ತು. ಆದರೂ ಬಹಳ ವರ್ಷ ನಮ್ಮ ವೃತ್ತಿಯವರು 'ಸ್ವಲ್ಪ ತೊಂದರೆ, ಒಂದೆರಡು ವಾರದಲ್ಲಿ ಹೋಗುತ್ತದೆ' ಎನ್ನುತ್ತಲೇ ಬಂದೆವು. ಹಲವರಿಗೆ ಅದು ನಿಜ. ತಿಂಗಳುಗಳ ಕಾಲ ನರಳಿದವರೂ ಇದ್ದಾರೆ, ಅವರ ಮಾತನ್ನು ನಾವು ನಂಬಲಿಲ್ಲ. ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜು 2019ರಲ್ಲಿ ತನ್ನ ನಿಲುವನ್ನು ತಿದ್ದಿಕೊಂಡು, ಕೆಲವರಲ್ಲಿ ಇದು ತೀವ್ರವಾಗಿಯೂ ದೀರ್ಘವಾಗಿಯೂ ಇರಬಹುದು ಎಂದು ಒಪ್ಪಿಕೊಂಡಿತು.

ನೀವು ಬಿಟ್ಟು ಇನ್ನೂ ಒಂದೇ ವಾರವಾಗಿದೆ. ನಿಮಗೆ ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ಇವತ್ತೇ ಫೋನ್ ಮಾಡಿ, ಎಂದು ಬಿಟ್ಟಿರಿ, ಎಷ್ಟು ಮಿಲಿಗ್ರಾಂ ಇತ್ತು, ಯಾವ ದಿನ ಏನು ಶುರುವಾಯಿತು ಎಂಬುದನ್ನು ಬರೆದಿಟ್ಟುಕೊಂಡು ಹೇಳಿ. ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಹಳೆಯ ಪ್ರಮಾಣವನ್ನೇ ಮತ್ತೆ ಕೊಟ್ಟು, ಕೆಲವು ವಾರ ಸ್ಥಿರವಾದ ಮೇಲೆ ಇಳಿಸಲು ಶುರು ಮಾಡುತ್ತಾರೆ. ಬೇರೆಯವರ ಬಳಿ ಇರುವ ಇನ್ನೊಂದು ಜಾತಿಯ ಖಿನ್ನತೆಯ ಮಾತ್ರೆಯನ್ನು ಪಡೆದು ನುಂಗಬೇಡಿ. ತಲೆಸುತ್ತು ಇರುವಷ್ಟು ದಿನ ವಾಹನ ಓಡಿಸಬೇಡಿ. ಸಾಯಬೇಕು ಎಂಬ ಯೋಚನೆ ಬಂದರೆ, ಅಥವಾ ನಿದ್ದೆಯೇ ಬೇಡವೆನಿಸುವಷ್ಟು ಅತಿಯಾದ ಹುರುಪು ಕಾಣಿಸಿದರೆ, ಫೋನಿಗಾಗಿ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ. ವೈದ್ಯರು 'ಹಾಗೆಲ್ಲ ಆಗುವುದಿಲ್ಲ' ಎಂದರೆ, ತಲೆಯೊಳಗೆ ಏನಾಗುತ್ತದೆ ಎಂಬುದನ್ನು ನನಗೆ ಬರೆದಂತೆಯೇ ಅವರಿಗೂ ಹೇಳಿ, ಕೊನೆಯ ಕೆಲವು ಮಿಲಿಗ್ರಾಂಗಳನ್ನು ಹೇಗೆ ಇಳಿಸುತ್ತೀರಿ ಎಂದು ಕೇಳಿ.